ಕಾರ್ಡ್ ಪೇಮೆಂಟ್ ಫೇಲ್ ಆದ್ರೆ ಸುಮ್ನೆ ಒತ್ತುತ್ತಾ ಕೂರಬೇಡಿ

ಮೊನ್ನೆ ವಿಜಯಪುರದ ಮನೆಯಲ್ಲಿ ನನ್ನ ತಮ್ಮ ಹೊಸ ಫೋನಿನಿಂದ, ವಿಪಿಎನ್ ಆನ್ ಇಟ್ಕೊಂಡೇ, 38,000 ರೂಪಾಯಿಯ ಲ್ಯಾಪ್‌ಟಾಪ್ ಆರ್ಡರ್ ಮಾಡಿದ. ಓಟಿಪಿ ಬರುವ ಮೊದಲೇ ಡಿಕ್ಲೈನ್. ಕಾರ್ಡಿನಲ್ಲಿ ಲಿಮಿಟ್ ಬೇಕಾದಷ್ಟಿತ್ತು!

ಪೇಮೆಂಟ್‌ನಲ್ಲಿ ಮೋಸ ಇದೆಯಾ ಅಂತ ಅಳೆಯುವ ರಿಸ್ಕ್ ಎಂಜಿನ್ ಅನ್ನೋ ಸಾಫ್ಟ್‌ವೇರ್ ಕಣ್ಣಿಗೆ ಇದು ಹೇಗೆ ಕಂಡಿರಬೇಕು ನೋಡಿ: ಗುರುತಿಲ್ಲದ ಫೋನ್, ವಿಪಿಎನ್‌ನಿಂದಾಗಿ ಇಂಟರ್ನೆಟ್ ವಿಳಾಸ ಬೇರೆ ದೇಶದ್ದು, ಡೆಲಿವರಿ ವಿಜಯಪುರಕ್ಕೆ, ಮೊತ್ತ ಅವನ ರೂಢಿಗಿಂತ ಜಾಸ್ತಿ. ಒಂದೊಂದಕ್ಕೂ ಅನುಮಾನದ ಅಂಕ ಸೇರುತ್ತದೆ. ಅಂಕ ಕಡಿಮೆಯಿದ್ದರೆ ಪಾಸ್, ನಡುವೆ ಇದ್ದರೆ ಓಟಿಪಿ, ಮಿತಿ ದಾಟಿದರೆ ಡಿಕ್ಲೈನ್. ನಮ್ಮ ದೇಶದ ಸೈಟುಗಳಲ್ಲಿ ಅಂಕ ಕಡಿಮೆಯಿದ್ದರೂ ಸಾಮಾನ್ಯವಾಗಿ ಓಟಿಪಿ ಕೇಳುತ್ತಾರೆ, ಆ ಮಾತು ಬೇರೆ.

ಇವನೋ ಮತ್ತೆ ನಾಲ್ಕು ಸಲ ಒತ್ತಿದ. ಕದ್ದ ಕಾರ್ಡ್ ಪರೀಕ್ಷಿಸುವವರೂ ಹೀಗೇ ಮಾಡೋದು, ಅಲ್ವಾ? ಅಂಕ ಇನ್ನೂ ಏರುತ್ತದೆ.

ಮರುದಿನ ವಿಪಿಎನ್ ತೆಗೆದು, ಹಳೇ ಫೋನಿನಿಂದ ಒಂದೇ ಸಲ ಒತ್ತಿದ. ಓಟಿಪಿ ಬಂತು.