ಮೇಷ್ಟ್ರ ಶಿಫಾರಸು ಪತ್ರವನ್ನ ಇಂಗ್ಲಿಷಿಗೆ ತಂದಿದ್ದು ಹೀಗೆ

ಕನ್ನಡದಲ್ಲಿ ಬರೆದ ಶಿಫಾರಸು ಪತ್ರಗಳನ್ನ ಇಂಗ್ಲಿಷಿಗೆ ಮಾಡಿಕೊಡುವ ಕೆಲಸ ನನಗೆ ಆಗಾಗ ಬರುತ್ತದೆ. ಈಚೆಗೆ ಮಾಡಿದ ಒಂದು ಪತ್ರದ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತೇನೆ. ಬರೆದವರು ಇತಿಹಾಸ ಹೇಳಿಕೊಡುವ ಹಿರಿಯ ಮೇಷ್ಟ್ರು. ಹೊರದೇಶದ ವಿಶ್ವವಿದ್ಯಾಲಯಕ್ಕೆ ಪಿಎಚ್‌ಡಿಗೆ ಅರ್ಜಿ ಹಾಕುತ್ತಿದ್ದ ತಮ್ಮ ವಿದ್ಯಾರ್ಥಿನಿಗಾಗಿ ಬರೆದಿದ್ದರು.

ಮೊದಲು ಫೋನ್ ಮಾಡಿದ್ದು ಆ ವಿದ್ಯಾರ್ಥಿನಿ. ಪತ್ರ ನೀವು ತರಬೇಡಿ, ಸರ್ ನನಗೇ ಕಳಿಸಲಿ ಅಂದೆ. ಇದು ಶಿಷ್ಟಾಚಾರದ ಮಾತಲ್ಲ. ಅಮೆರಿಕದಲ್ಲಿ 1974ರ ಫೆರ್ಪಾ ಕಾನೂನಿನ ಪ್ರಕಾರ, ಸೇರಿಕೊಂಡ ವಿದ್ಯಾರ್ಥಿಗೆ ತನ್ನ ಕಡತ ನೋಡುವ ಹಕ್ಕಿದೆ. ಶಿಫಾರಸು ಪತ್ರದ ಮಟ್ಟಿಗೆ ಆ ಹಕ್ಕು ಬಿಟ್ಟುಕೊಡುತ್ತೀರಾ ಅಂತ ಅರ್ಜಿಯಲ್ಲೇ ಕೇಳುತ್ತಾರೆ, ಹೆಚ್ಚಿನವರು ಬಿಟ್ಟುಕೊಡುತ್ತಾರೆ. ಹಾಗೆ ಬಿಟ್ಟುಕೊಟ್ಟ ಮೇಲೆ ಪತ್ರ ಅವರ ಕೈ ಮೇಲೇ ಹಾದುಹೋದರೆ ಅದಕ್ಕೆ ಬೆಲೆ ಇರುವುದಿಲ್ಲ, ಅಲ್ವಾ? ಅದಕ್ಕೇ ಮೇಷ್ಟ್ರಿಂದ ನನಗೆ, ನನ್ನಿಂದ ವಾಪಸ್ ಮೇಷ್ಟ್ರಿಗೆ, ಅವರಿಂದ ವಿಶ್ವವಿದ್ಯಾಲಯಕ್ಕೆ. ಇಷ್ಟೇ ದಾರಿ.

ಪತ್ರ ಬಂದ ಮೇಲೆ ನಾನು ತಕ್ಷಣ ಅನುವಾದಕ್ಕೆ ಕೂರುವುದಿಲ್ಲ. ಪೆನ್ಸಿಲ್ ಹಿಡಿದು ಒಂದು ಸಲ ಓದುತ್ತೇನೆ. ಮೇಷ್ಟ್ರು ಕಣ್ಣಾರೆ ಕಂಡು ಬರೆದ ಮಾತಿನ ಕೆಳಗೆ ಗೆರೆ ಎಳೆಯುತ್ತೇನೆ. ರೂಢಿಗೆಂದು ಬರೆದ ಮಾತನ್ನ ಹಾಗೇ ಬಿಡುತ್ತೇನೆ. ಈ ಪತ್ರದ ಮೊದಲ ಅರ್ಧದಲ್ಲಿ ಒಂದು ಗೆರೆಯೂ ಬೀಳಲಿಲ್ಲ. ‘ಸುಸಂಸ್ಕೃತೆ, ವಿನಯವಂತೆ, ವಿಧೇಯ ವಿದ್ಯಾರ್ಥಿನಿ, ಇವರ ನಡತೆ ಉತ್ತಮವಾಗಿದೆ’ ಅಂತ ಇತ್ತು. ಕನ್ನಡದಲ್ಲಿ ಇದು ಮನಸ್ಸಿನಿಂದ ಬಂದ ಮೆಚ್ಚುಗೆ. ಇದನ್ನೇ ಪದಕ್ಕೆ ಪದ ಇಟ್ಟು ‘ಒಬೀಡಿಯಂಟ್’ ಅಂತ ಬರೆದರೆ, ಅಲ್ಲಿ ಓದುವ ಪ್ರಾಧ್ಯಾಪಕರಿಗೆ ಹೇಳಿದಷ್ಟು ಮಾಡುವ ಹುಡುಗಿ, ಸ್ವಂತ ಯೋಚನೆ ಇಲ್ಲ ಅನ್ನಿಸುತ್ತದೆ. ಸಂಶೋಧನೆಗೆ ಬರುವವರ ಬಗ್ಗೆ ಅದು ಹೊಗಳಿಕೆಯಾಗಿ ಕೇಳುವುದಿಲ್ಲ.

ಹಾಗಂತ ನಾನೇ ಅದನ್ನ ‘ಇಂಡಿಪೆಂಡೆಂಟ್’ ಅಂತ ಮಾಡುವ ಹಾಗೂ ಇಲ್ಲ. ಅದು ಅವರು ಬರೆದದ್ದಲ್ಲ. ಮೇಷ್ಟ್ರಿಗೆ ಫೋನ್ ಮಾಡಿದೆ. ‘ಸರ್, ವಿಧೇಯ ಅಂತ ಬರೆದಿದ್ದೀರಿ. ಯಾವುದನ್ನ ನೋಡಿ ಹಾಗನ್ನಿಸಿತು?’ ಅಂತ ಕೇಳಿದೆ. ಅವರು ಹೇಳಿದ್ದು: ‘ಅವಳ ಒಂದು ಅಧ್ಯಾಯ ಮೂರು ಸಲ ವಾಪಸ್ ಕೊಟ್ಟೆ ಕಣ್ರೀ. ಒಂದು ಸಲವೂ ಮುಖ ಸಿಂಡರಿಸಲಿಲ್ಲ, ತಿದ್ದಿಕೊಂಡು ಬಂದಳು. ಒಂದು ಕಡೆ ಮಾತ್ರ ನನ್ನ ಮಾತು ಒಪ್ಪಲಿಲ್ಲ. ಜಗಳ ಆಡಲಿಲ್ಲ, ಆಧಾರ ತಂದು ಮುಂದಿಟ್ಟಳು. ನೋಡಿದರೆ ಅವಳೇ ಸರಿ.’

ಪತ್ರದಲ್ಲಿ ಇರಬೇಕಾಗಿದ್ದದ್ದು ಇದೇ. ಆದರೆ ಫೋನಿನಲ್ಲಿ ಕೇಳಿದ್ದನ್ನ ಅನುವಾದಕ್ಕೆ ಸೇರಿಸುವ ಹಾಗಿಲ್ಲ. ಮೂಲದಲ್ಲಿ ಇಲ್ಲದ್ದು ಅನುವಾದದಲ್ಲಿ ಇದ್ದರೆ, ಕನ್ನಡ ಬಲ್ಲ ಯಾರಾದರೂ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ ದಿನ ಇಡೀ ಪತ್ರದ ಮೇಲೆ ಅನುಮಾನ ಬರುತ್ತದೆ. ‘ಸರ್, ಈಗ ಹೇಳಿದ್ದನ್ನೇ ಕನ್ನಡದಲ್ಲಿ ಎರಡು ಸಾಲು ಬರೆದು ಪತ್ರಕ್ಕೆ ಸೇರಿಸಿ, ಹೊಸದಾಗಿ ಸಹಿ ಮಾಡಿಕೊಡಿ’ ಅಂತ ಕೇಳಿಕೊಂಡೆ. ಸಂತೋಷದಿಂದ ಬರೆದುಕೊಟ್ಟರು. ‘ವಿಧೇಯ’ ಅನ್ನೋದನ್ನ ಅವರೇ ತೆಗೆದರು. ‘ವಿನಯವಂತೆ’ ಉಳಿಯಿತು, ಅದರ ಹಿಂದೆಯೇ ಈ ಪ್ರಸಂಗ ಬಂದದ್ದರಿಂದ ಇಂಗ್ಲಿಷಿನಲ್ಲೂ ಆ ಮಾತಿಗೆ ತೂಕ ಬಂತು.

ಇನ್ನು ಗೌರವದ ವಿಷಯ. ಕನ್ನಡದಲ್ಲಿ ಗೌರವ ಕೂತಿರುವುದು ‘ಇವರು’, ‘ತೋರಿಸಿಕೊಟ್ಟರು’ ಅನ್ನುವ ಬಹುವಚನದಲ್ಲಿ. ಫೋನಿನಲ್ಲಿ ‘ಅವಳು’ ಅಂದ ಮೇಷ್ಟ್ರು ಪತ್ರದ ಉದ್ದಕ್ಕೂ ‘ಇವರು’ ಅಂತಲೇ ಬರೆದಿದ್ದರು. ಇಂಗ್ಲಿಷಿನ ‘ಶೀ’ ಅದನ್ನ ಹೊರುವುದಿಲ್ಲ. ಅದಕ್ಕೆ ಪ್ರತಿ ಪ್ಯಾರಾದ ಶುರುವಿನಲ್ಲಿ ‘ಮಿಸ್’ ಅನ್ನದೆ ‘ಮಿಜ಼್’ ಹಾಕಿ ಹೆಸರು ಬರೆದೆ, ಆಮೇಲಿನ ಸಾಲುಗಳಲ್ಲಿ ಮಾತ್ರ ‘ಶೀ’. ‘ಕುಮಾರಿ’ಗೂ ಅದೇ ಸಾಕು, ಮದುವೆಯ ಸುದ್ದಿ ಅಲ್ಲಿ ಬೇಕಿಲ್ಲ. ಹೆಸರಿನ ಕಾಗುಣಿತ, ಇನಿಷಿಯಲ್ ಎಲ್ಲ ಅರ್ಜಿಯಲ್ಲಿ ಹೇಗಿದೆಯೋ ಹಾಗೇ ಇರಬೇಕು. ಹೆಸರು ನೋಡಿ ಗಂಡೋ ಹೆಣ್ಣೋ ಗೊತ್ತಾಗದಿದ್ದರೆ ಕೇಳಿಯೇ ಬರೆಯಿರಿ, ‘ಇವರು’ ನಿಮಗೆ ಹೇಳುವುದಿಲ್ಲ.

ಗೌರವ ಜಾಸ್ತಿ ಆಗುವುದೂ ಉಂಟು. ಕೊನೆಯಲ್ಲಿ ‘ಇವರಿಗೆ ತಮ್ಮಲ್ಲಿ ಅವಕಾಶ ಕಲ್ಪಿಸಿಕೊಡಬೇಕೆಂದು ವಿನಂತಿಸಿಕೊಳ್ಳುತ್ತೇನೆ’ ಅಂತ ಇತ್ತು. ಇದನ್ನ ‘ಹಂಬ್ಲಿ ರಿಕ್ವೆಸ್ಟ್’ ಅಂತ ತಂದರೆ ಅಷ್ಟು ದೊಡ್ಡ ವಿದ್ವಾಂಸರು ಕೈಯೊಡ್ಡಿ ನಿಂತ ಹಾಗಾಗುತ್ತದೆ. ನಾನು ಬರೆದದ್ದು ‘ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ವುಡ್ ಆಫರ್ ಹರ್ ಎ ಪ್ಲೇಸ್’. ವಿನಂತಿ ಉಳಿಯಿತು, ಮೇಷ್ಟ್ರ ಘನತೆಯೂ ಉಳಿಯಿತು. ‘ವಿತೌಟ್ ರಿಸರ್ವೇಷನ್’ ಸೇರಿಸಿದರೆ ಇನ್ನೂ ಗಟ್ಟಿಯಾಗಿರುತ್ತಿತ್ತು, ಆದರೆ ‘ನಿಸ್ಸಂಕೋಚವಾಗಿ’ ಅಂತ ಅವರು ಎಲ್ಲೂ ಬರೆದಿರಲಿಲ್ಲ. ಬಿಟ್ಟೆ.

ಪತ್ರದ ಜೀವ ಇದ್ದದ್ದು ಈ ಒಂದು ವಾಕ್ಯದಲ್ಲಿ: ‘ಶಾಸನದ ತರಗತಿಯಲ್ಲಿ ಅಚ್ಚಾದ ಪಾಠವನ್ನು ಹಾಗೇ ಒಪ್ಪದೆ, ಪಡಿಯಚ್ಚಿನ ಜೊತೆ ಅಕ್ಷರಕ್ಕೆ ಅಕ್ಷರ ಇಟ್ಟು ನೋಡಿ, ಎರಡು ಕಡೆ ಓದು ತಪ್ಪಾಗಿರುವುದನ್ನು, ವರ್ಷಗಳಿಂದ ಪಾಠ ಮಾಡುತ್ತಿದ್ದ ನಾನೇ ಗಮನಿಸದಿದ್ದುದನ್ನು, ತೋರಿಸಿಕೊಟ್ಟರು.’ ಇದಕ್ಕೆ ಅತಿ ಹೆಚ್ಚು ಹೊತ್ತು ಕೊಟ್ಟೆ. ಒಂದೇ ಉಸಿರಿನ ವಾಕ್ಯವನ್ನ ಮೂರು ಮಾಡಿದೆ. ಮೊದಲನೆಯದರಲ್ಲಿ ಅವರು ಏನು ಮಾಡಿದರು, ಎರಡನೆಯದರಲ್ಲಿ ಏನು ಸಿಕ್ಕಿತು, ಮೂರನೆಯದರಲ್ಲಿ ಮೇಷ್ಟ್ರ ಮಾತು. ಆಯ್ಕೆ ಸಮಿತಿಯಲ್ಲಿ ಎಲ್ಲರೂ ಶಾಸನ ಓದುವವರು ಇರುವುದಿಲ್ಲ. ಪಡಿಯಚ್ಚನ್ನ ‘ಎಸ್ಟಾಂಪೇಜ್’ ಅಂತ ಬರೆದು, ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಪ್ರತಿ ಅಂತ ಅಡಿಟಿಪ್ಪಣಿಯಲ್ಲಿ ಕೊಟ್ಟು, ಅದು ಅನುವಾದಕರ ಟಿಪ್ಪಣಿ ಅಂತ ಹಾಕಿದೆ.

ಮೇಷ್ಟ್ರು ‘ನಾನೇ ಗಮನಿಸಿರಲಿಲ್ಲ’ ಅಂತ ಹೇಳಿಕೊಂಡದ್ದನ್ನ ಮರ್ಯಾದೆಗೆಂದು ಮೆದು ಮಾಡಬೇಕು ಅನ್ನಿಸಬಹುದು. ದಯವಿಟ್ಟು ಮಾಡಬೇಡಿ. ಇಡೀ ಪತ್ರದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ‘ಐ ಹ್ಯಾಡ್ ಟಾಟ್ ದಿಸ್ ಟೆಕ್ಸ್ಟ್ ಫಾರ್ ಇಯರ್ಸ್ ವಿತೌಟ್ ನೋಟಿಸಿಂಗ್ ಐದರ್ ಎರರ್’ ಅಂತ ನೇರವಾಗಿ ಬರೆದೆ. ‘ವರ್ಷಗಳಿಂದ’ ಅಂದಿದ್ದನ್ನ ಇಂತಿಷ್ಟು ವರ್ಷ ಅಂತ ಮಾಡಲಿಲ್ಲ. ‘ಬೆರಳೆಣಿಕೆಯ ವಿದ್ಯಾರ್ಥಿಗಳಲ್ಲಿ ಒಬ್ಬರು’ ಅಂತ ಇನ್ನೊಂದು ಕಡೆ ಇತ್ತು, ಅದನ್ನೂ ‘ಒನ್ ಆಫ್ ಎ ಹ್ಯಾಂಡ್‌ಫುಲ್’ ಅಂತಲೇ ಬರೆದೆ, ‘ದಿ ಬೆಸ್ಟ್’ ಅಂತ ಅಲ್ಲ.

ಸಹಿಯ ಕೆಳಗಿನ ಹುದ್ದೆ ನೋಡಿಕೊಳ್ಳಿ. ‘ಸಹ ಪ್ರಾಧ್ಯಾಪಕರು’ ಅಂದರೆ ಅಸೋಸಿಯೇಟ್, ‘ಸಹಾಯಕ ಪ್ರಾಧ್ಯಾಪಕರು’ ಅಂದರೆ ಅಸಿಸ್ಟೆಂಟ್. ಅವಸರದಲ್ಲಿ ಅದಲುಬದಲಾದರೆ ಹಿರಿಯರನ್ನ ಒಂದು ಮೆಟ್ಟಿಲು ಇಳಿಸಿದ ಹಾಗೆ. ‘ಪ್ರಥಮ ದರ್ಜೆ’ ಫಸ್ಟ್ ಕ್ಲಾಸ್, ಫಸ್ಟ್ ರ‍್ಯಾಂಕ್ ಅಲ್ಲ.

ಮುಗಿದ ಮೇಲೆ ಮೇಷ್ಟ್ರಿಗೆ ಇಂಗ್ಲಿಷ್ ಪ್ರತಿ ಕಳಿಸಿ, ಫೋನಿನಲ್ಲಿ ಒಂದೊಂದೇ ವಾಕ್ಯ ಓದಿ, ಇದರ ಅರ್ಥ ಕನ್ನಡದಲ್ಲಿ ಹೀಗೆ ಅಂತ ಹೇಳುತ್ತಾ ಹೋದೆ. ಅವರು ಹೂಂ ಅಂದ ಮೇಲೆ ಕೊನೆಗೆ ನನ್ನ ಹೇಳಿಕೆ ಸೇರಿಸಿದೆ: ನನಗೆ ಎರಡೂ ಭಾಷೆ ಬರುತ್ತದೆ, ಇದು ಮೂಲದ ಪೂರ್ಣ ಮತ್ತು ನಿಷ್ಠ ಅನುವಾದ, ನನ್ನ ಹೆಸರು, ಸಹಿ, ದಿನಾಂಕ, ವಿಳಾಸ. ಕನ್ನಡ ಪತ್ರಕ್ಕೆ ಅವರ ಸಹಿ, ಅನುವಾದಕ್ಕೆ ನನ್ನದು. ಎರಡನ್ನೂ ಒಂದೇ ಪಿಡಿಎಫ್ ಮಾಡಿ ಅವರಿಗೆ ಕೊಟ್ಟೆ. ಮೇಷ್ಟ್ರು ಇಂಗ್ಲಿಷ್ ಪ್ರತಿಗೇ ತಾವು ಸಹಿ ಹಾಕಿದರೆ ಅದು ಅವರ ಸ್ವಂತ ಪತ್ರವಾಗುತ್ತದೆ, ಅನುವಾದ ಅನ್ನಿಸಿಕೊಳ್ಳುವುದಿಲ್ಲ. ಯಾವುದು ನಡೆಯುತ್ತದೆ ಅಂತ ಆ ವಿಶ್ವವಿದ್ಯಾಲಯವನ್ನ ಮೊದಲೇ ಕೇಳಿಕೊಳ್ಳಬೇಕು. ಕೆಲವು ಕಡೆ ಅನುವಾದಕರು ಅಧಿಕೃತವಾಗಿ ನೋಂದಾಯಿತರೇ ಆಗಿರಬೇಕು ಅನ್ನುತ್ತಾರೆ, ಆಗ ನನ್ನಂಥವರ ಸಹಿ ಸಾಲದು.