ಕಡಕ್ ರೊಟ್ಟಿಗೆ ಸಣ್ಣ ಇನ್‌ಫ್ಲುಯೆನ್ಸರ್‌ಗಳು: ಪಿನ್ ಕೋಡ್ ಹಿಡಿದು ಲೆಕ್ಕ ಹಾಕಿದ ನನ್ನ ಅನುಭವ

ಪುಣೆಯ ಕಾತ್ರಜ್‌ನಲ್ಲಿ ನಮ್ಮದೊಂದು ಸಣ್ಣ ರೊಟ್ಟಿ ಘಟಕವಿದೆ. ಕಡಕ್ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ, ಅಗಸಿ ಮತ್ತು ಗುರೆಳ್ಳಿನ ಚಟ್ನಿಪುಡಿಗಳನ್ನು ಪುಣೆ, ಮುಂಬಯಿ ಮತ್ತು ಠಾಣೆಯ ಮನೆಗಳಿಗೆ ಕಳುಹಿಸುತ್ತೇವೆ. ಐದರಿಂದ ಇಪ್ಪತ್ತು ಸಾವಿರ ಅನುಯಾಯಿಗಳಿರುವವರಿಗೆ ಜಾಹೀರಾತಿನ ಹಣವನ್ನು ಹಂಚೋಣವೆಂದು ನಾನು ಹೇಳಿದಾಗ, ಬಂಡವಾಳ ಹಾಕಿರುವ ನನ್ನ ಭಾವನವರು, "ಅಷ್ಟು ಸಣ್ಣವರು ಹೇಳಿದ್ರ ನಿನ್ನ ರೊಟ್ಟಿ ಯಾರು ತಗೋತಾರಪಾ?" ಎಂದು ಕೇಳಿ, ಮೊದಲು ಒಬ್ಬ ದೂರದರ್ಶನ ತಾರೆಯನ್ನೇ ಹಿಡಿಯುವಂತೆ ಪಟ್ಟುಹಿಡಿದರು. ಒಂದು ರೀಲ್ ಮತ್ತು ಎರಡು ಸ್ಟೋರಿಗಳಿಗೆ ಸುಮಾರು ಒಂದೂಮುಕ್ಕಾಲು ಲಕ್ಷ ರೂಪಾಯಿ ಹೋಯಿತು. ರೀಲನ್ನು ಲಕ್ಷಗಟ್ಟಲೆ ಜನ ನೋಡಿದರು, ಆದರೆ ಪ್ರತಿಕ್ರಿಯೆಗಳಲ್ಲಿ ಮುಕ್ಕಾಲು ಪಾಲು ಆ ತಾರೆಯ ಸೀರೆಯ ಬಗ್ಗೆಯೇ ಇದ್ದವು. ಆ ತಿಂಗಳು ಹೆಚ್ಚುವರಿಯಾಗಿ ಬಂದ ಆರ್ಡರ್‌ಗಳು ಇನ್ನೂರೈವತ್ತರ ಆಸುಪಾಸು. ರಿಯಾಯಿತಿ ಕಳೆದು ಒಂದು ಆರ್ಡರಿನಲ್ಲಿ ನಮಗೆ ಉಳಿಯುವುದು ನೂರಿಪ್ಪತ್ತೈದು ರೂಪಾಯಿ ಮಾತ್ರ. ಗುಣಿಸಿದರೆ ಮೂವತ್ತು ಸಾವಿರದ ಮೇಲೆ ಸ್ವಲ್ಪ ಆಗುತ್ತದೆ. ಉಳಿದ ಹಣ ಎಲ್ಲಿಗೆ ಹೋಯಿತೆಂದು ಭಾವನವರು ಮತ್ತೆ ಕೇಳಲಿಲ್ಲ.

ಸಣ್ಣವರನ್ನು ಆರಿಸುವಾಗ ನಾನು ಮೊದಲು ನೋಡುವುದು ಅವರ ವೀಕ್ಷಕರು ಯಾವ ಊರಿನವರು ಎಂಬುದನ್ನು. ಡೊಂಬಿವಲಿಯ ಒಬ್ಬ ಕನ್ನಡದ ಗೃಹಿಣಿ ಸೊಗಸಾಗಿ ಅಡುಗೆ ಮಾಡಿ ತೋರಿಸುತ್ತಿದ್ದರು, ಮಾತು ನಮ್ಮ ಕಡೆಯದೇ. ಆದರೆ ಅವರ ಇನ್‌ಸೈಟ್ಸ್, ಅಂದರೆ ವೀಕ್ಷಕರ ಅಂಕಿಅಂಶಗಳ ಪುಟ, ತೆರೆದು ನೋಡಿದಾಗ ವೀಕ್ಷಕರಲ್ಲಿ ಹೆಚ್ಚಿನವರು ಬೆಂಗಳೂರು, ಹುಬ್ಬಳ್ಳಿ ಮತ್ತು ಬೆಳಗಾವಿಯಲ್ಲಿದ್ದರು. ಅಲ್ಲಿನವರು ಓಣಿಯಲ್ಲೇ ಸಿಗುವ ರೊಟ್ಟಿಯನ್ನು ಬಿಟ್ಟು ಪುಣೆಯಿಂದ ಕೊರಿಯರ್‌ನಲ್ಲಿ ಏಕೆ ತರಿಸಿಕೊಳ್ಳುತ್ತಾರೆ? ಅದೇ ವೇಳೆಗೆ ಕಲ್ಯಾಣದ ಒಬ್ಬ ಮರಾಠಿ ಶಿಕ್ಷಕಿ, ಮಕ್ಕಳ ಡಬ್ಬಿಗೆ ಏನು ಕೊಡಬೇಕೆಂಬುದನ್ನಷ್ಟೇ ಮಾತನಾಡುವವರು, ಒಂಬತ್ತು ಸಾವಿರ ಅನುಯಾಯಿಗಳಲ್ಲಿ ಬಹುಪಾಲು ಮಂದಿಯನ್ನು ಕಲ್ಯಾಣ–ಡೊಂಬಿವಲಿ ಪಟ್ಟೆಯಿಂದಲೇ ಪಡೆದಿದ್ದರು. ಭಾಕರಿ ಮತ್ತು ಶೇಂಗಾ ಚಟ್ನಿ ಉಣ್ಣುವ ಮನೆಗೆ ನಮ್ಮ ರೊಟ್ಟಿಯನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲವಾದ್ದರಿಂದ ನಾನು ಶಿಕ್ಷಕಿಯನ್ನೇ ಆರಿಸಿಕೊಂಡೆ. ಭಾಷೆಯ ಅಭಿಮಾನವನ್ನು ಇಲ್ಲಿ ಸ್ವಲ್ಪ ಬದಿಗಿಡಬೇಕಾಗುತ್ತದೆ.

ಇನ್‌ಸೈಟ್ಸ್‌ನ ಸ್ಕ್ರೀನ್‌ಶಾಟ್‌ಗಳನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅವನ್ನು ತಿದ್ದುವುದು ಸುಲಭ. ಪುಟವನ್ನು ಮೇಲಿನಿಂದ ಕೆಳಕ್ಕೆ ಸರಿಸುತ್ತಾ ಸ್ಕ್ರೀನ್ ರೆಕಾರ್ಡ್ ಮಾಡಿ ಕಳುಹಿಸಲು ಹೇಳುತ್ತೇನೆ. ಆಮೇಲೆ ಕೊನೆಯ ಹತ್ತು ಹನ್ನೆರಡು ವಿಡಿಯೊಗಳ ಪ್ರತಿಕ್ರಿಯೆಗಳನ್ನು ಕುಳಿತು ಓದುತ್ತೇನೆ. "ಎಲ್ಲಿ ಸಿಗುತ್ತದೆ", "ಎಷ್ಟು ದಿನ ಇಡಬಹುದು" ಎಂಬಂಥ ಪ್ರಶ್ನೆಗಳಿಗೆ ಅವರು ಉತ್ತರ ಬರೆದಿದ್ದರೆ ಮುಂದೆ ಮಾತನಾಡುತ್ತೇನೆ. ಬರೀ ಹೃದಯದ ಚಿಹ್ನೆಗಳಿದ್ದರೆ ಬಿಟ್ಟುಬಿಡುತ್ತೇನೆ. ಹಣದ ಮಾತಿಗೆ ಮುಂಚೆ ಫೋನಿನಲ್ಲಿ ಕೇಳುವ ಒಂದು ಪ್ರಶ್ನೆಯಿದೆ, ಅದರ ಉತ್ತರದಿಂದಲೇ ಅರ್ಧ ನಿರ್ಧಾರವಾಗುತ್ತದೆ. ಅದು ನನ್ನ ಬಳಿಯೇ ಇರಲಿ.

ಹಣ ಕೊಡದೆ ಬರೀ ಡಬ್ಬ ಕಳುಹಿಸುವ ಪ್ರಯೋಗವನ್ನೂ ನಡೆಸಿದೆವು. ಅರ್ಧದಷ್ಟು ಮಂದಿ ರೊಟ್ಟಿ ತಿಂದು ಸುಮ್ಮನಾದರು. ಕಮಿಷನ್ ಮಾತ್ರ ಕೊಟ್ಟಾಗ ರುಚಿಯ ಮಾತು ಹೋಗಿ ರಿಯಾಯಿತಿಯ ಕೂಗೇ ಹೆಚ್ಚಾಯಿತು. ಈಗ ಒಂದು ವಿಡಿಯೊಗೆ ಮೂರು ಸಾವಿರದ ಆಸುಪಾಸು ಕೊಡುತ್ತೇವೆ ಮತ್ತು ಅದನ್ನು ನಮ್ಮ ಜಾಹೀರಾತಿನಲ್ಲಿ ಮೂರು ತಿಂಗಳು ಬಳಸುವ ಹಕ್ಕನ್ನು ಬರಹದಲ್ಲಿ ಪಡೆಯುತ್ತೇವೆ. ಹಣದ ಸಂಬಂಧವನ್ನು ವಿಡಿಯೊದಲ್ಲಿ ಸ್ಪಷ್ಟವಾಗಿ ತೋರಿಸಬೇಕೆಂದು ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿ ಹೇಳುತ್ತದೆ, ಉಚಿತವಾಗಿ ಕೊಟ್ಟ ಡಬ್ಬವೂ ಅದರಲ್ಲಿ ಸೇರುತ್ತದೆ. ಜಾಹೀರಾತೆಂಬ ಆ ಗುರುತು ಹಾಕಿದರೆ ಮಾರಾಟ ಇಳಿಯುತ್ತದೆಂಬ ಭಯ ಹಲವರಿಗಿದೆ, ನಮ್ಮ ಲೆಕ್ಕದಲ್ಲಿ ಹಾಗೆ ಕಾಣಲಿಲ್ಲ. ಶಿಕ್ಷಕಿ ಗುರುತು ಹಾಕಿಯೇ ವಿಡಿಯೊ ಮಾಡಿದರು. ಅದರಲ್ಲಿ ಅವರ ಮಗ ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಮುರಿದ ಸದ್ದು ಮೊದಲ ಎರಡು ಸೆಕೆಂಡಿನಲ್ಲೇ ಕೇಳಿಸುತ್ತದೆ. ನಾವು ಬರೆದುಕೊಟ್ಟ ಸಾಲುಗಳಲ್ಲಿ ಒಂದನ್ನೂ ಅವರು ಬಳಸಲಿಲ್ಲ, ಒಳ್ಳೆಯದೇ ಆಯಿತು.

ಅಳತೆಯ ಕೆಲಸದಲ್ಲಿ ಹೆಚ್ಚಿನವರು ಕೂಪನ್ ಕೋಡ್‌ಗೆ ನಿಂತುಬಿಡುತ್ತಾರೆ. ಕೋಡ್ ಎರಡೂ ಕಡೆ ತಪ್ಪು ಹೇಳುತ್ತದೆ. ಶಿಕ್ಷಕಿಗೆ ಕೊಟ್ಟ ನಮ್ಮ KALYAN10 ಕೋಡ್ ಒಮ್ಮೆ ಕೂಪನ್ ಹಂಚುವ ಗುಂಪುಗಳಿಗೆ ಸೋರಿತು. ನಾಗಪುರ ಮತ್ತು ಸುರತ್‌ನಿಂದ ಅದೇ ಕೋಡ್ ಹಾಕಿದ ಆರ್ಡರ್‌ಗಳು ಬರತೊಡಗಿದಾಗ ಗೊತ್ತಾಯಿತು. ಅಂಥವನ್ನು ಎಣಿಕೆಯಿಂದ ತೆಗೆಯದಿದ್ದರೆ ಶಿಕ್ಷಕಿಯ ಸಾಧನೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಇನ್ನೊಂದೆಡೆ, ವಿಡಿಯೊ ನೋಡಿ ಅಕ್ಕನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, ಆ ಅಕ್ಕ ನಮ್ಮ ಹೆಸರನ್ನು ಹುಡುಕಿ ಕೋಡ್ ಇಲ್ಲದೆ ಕೊಂಡರೆ ಅದು ಎಲ್ಲಿಯೂ ದಾಖಲಾಗುವುದಿಲ್ಲ. ಡಬ್ಬದಲ್ಲಿ "ನಮ್ಮನ್ನು ಎಲ್ಲಿ ನೋಡಿದಿರಿ" ಎಂಬ ಚೀಟಿಯಿಟ್ಟು ನೋಡಿದೆವು. "ಗೆಳತಿ ಹೇಳಿದಳು" ಎಂಬ ಉತ್ತರವೇ ಹೆಚ್ಚು ಬಂತು, ಗೆಳತಿ ಎಲ್ಲಿ ನೋಡಿದಳೆಂದು ಯಾರೂ ಬರೆಯಲಿಲ್ಲ.

ಆದ್ದರಿಂದ ಆರ್ಡರ್‌ಗಳನ್ನು ವಿಳಾಸದ ಪಿನ್ ಕೋಡ್ ಹಿಡಿದು ಎಣಿಸುವುದಕ್ಕೆ ಬಂದೆ. ಕಲ್ಯಾಣ–ಡೊಂಬಿವಲಿ ಪಟ್ಟೆಯಲ್ಲಿ ವೀಕ್ಷಕರಿರುವ ನಾಲ್ವರಿಂದ ಒಂದೇ ವಾರದಲ್ಲಿ ವಿಡಿಯೊ ಹಾಕಿಸಿದೆ. ಠಾಣೆ–ಮುಲುಂಡ್ ಪಟ್ಟೆಯನ್ನು ಹಾಗೆಯೇ ಬಿಟ್ಟೆ. ಎರಡೂ ಕಡೆ ನಮ್ಮ ಮಾರಾಟ ಮೊದಲಿನಿಂದ ಹೆಚ್ಚೂಕಡಿಮೆ ಜೊತೆಯಲ್ಲೇ ಏರಿಳಿಯುತ್ತಿತ್ತು. ಹಾಗೆ ಏರಿಳಿಯದ ಪಟ್ಟೆಗಳನ್ನು ಹೋಲಿಸಿ ಪ್ರಯೋಜನವಿಲ್ಲ. ಹಿಂದಿನ ನಾಲ್ಕು ವಾರಗಳಲ್ಲಿ ಕಲ್ಯಾಣದ ಕಡೆ ವಾರಕ್ಕೆ ನಲವತ್ತು ಆರ್ಡರ್ ಇದ್ದದ್ದು ಮುಂದಿನ ನಾಲ್ಕು ವಾರಗಳಲ್ಲಿ ಎಪ್ಪತ್ತೈದಕ್ಕೆ ಏರಿತು. ಆದರೆ ಏನೂ ಮಾಡದ ಠಾಣೆಯ ಕಡೆಯೂ ಮೂವತ್ತೈದು ಇದ್ದದ್ದು ನಲವತ್ತೆರಡಾಗಿತ್ತು, ಹಬ್ಬದ ದಿನಗಳು. ಅಂದರೆ ಐದನೇ ಒಂದು ಪಾಲು ಏರಿಕೆ ಹೇಗಿದ್ದರೂ ಬರುತ್ತಿತ್ತು, ಕಲ್ಯಾಣದಲ್ಲಿ ನಲವತ್ತೆಂಟು ತಾನಾಗಿಯೇ ಆಗುತ್ತಿತ್ತು. ವಿಡಿಯೊಗಳು ತಂದದ್ದು ವಾರಕ್ಕೆ ಇಪ್ಪತ್ತೇಳು. ಕೋಡ್ ತೋರಿಸಿದ್ದು ಹದಿನೈದು ಮಾತ್ರ. ಠಾಣೆಯವರೂ ಕೆಲವರು ಆ ವಿಡಿಯೊಗಳನ್ನು ನೋಡಿರುತ್ತಾರೆ, ಹಾಗಾಗಿ ಇಪ್ಪತ್ತೇಳು ಎಂಬುದೂ ಸ್ವಲ್ಪ ಕಡಿಮೆಯ ಲೆಕ್ಕವೇ.

ಇನ್ನು ದುಡ್ಡು. ಸರಾಸರಿ ಆರ್ಡರ್ ಐನೂರು ರೂಪಾಯಿಯದು. ಸಾಮಾನು, ಒಡೆಯದಂತೆ ಕಟ್ಟುವ ಡಬ್ಬ, ಕೊರಿಯರ್ ಮತ್ತು ಪಾವತಿ ಶುಲ್ಕ ಕಳೆದರೆ ನೂರೆಪ್ಪತ್ತೈದು ಉಳಿಯುತ್ತದೆ, ಕೋಡ್ ಬಳಸಿದವರಿಂದ ನೂರಿಪ್ಪತ್ತೈದು. ನಾಲ್ಕು ವಾರಗಳ ಹೆಚ್ಚುವರಿ ಆರ್ಡರ್‌ಗಳಿಂದ ಹದಿನಾರು ಸಾವಿರಕ್ಕೆ ಸ್ವಲ್ಪ ಕಡಿಮೆ ಬಂತು. ನಾಲ್ವರಿಗೆ ಕೊಟ್ಟ ಹಣ ಮತ್ತು ಡಬ್ಬಗಳ ಬೆಲೆ ಸೇರಿ ಹದಿಮೂರು ಸಾವಿರದ ಮೇಲೆ ಖರ್ಚಾಗಿತ್ತು. ಇದು ಕುಣಿದಾಡುವಂಥ ಲಾಭವಲ್ಲ. ಕೊಂಡವರು ಎರಡು ತಿಂಗಳೊಳಗೆ ಮತ್ತೆ ಕೊಂಡರೇ ಎಂದು ನೋಡಿದಾಗ ನಿಜವಾದ ವ್ಯತ್ಯಾಸ ಕಂಡಿತು. ಕಲ್ಯಾಣದ ಹೊಸ ಗ್ರಾಹಕರಲ್ಲಿ ನಾಲ್ವರಲ್ಲಿ ಒಬ್ಬರು ಹಿಂತಿರುಗಿದರು, ತಾರೆಯ ರೀಲಿನಿಂದ ಬಂದವರಲ್ಲಿ ಹತ್ತರಲ್ಲಿ ಒಬ್ಬರೂ ಇಲ್ಲ. ಹೀಗೆ ಮರಳಿ ಬರುವ ಆರ್ಡರಿಗೆ ರಿಯಾಯಿತಿಯೂ ಇಲ್ಲ, ಇನ್‌ಫ್ಲುಯೆನ್ಸರ್ ಖರ್ಚೂ ಇಲ್ಲ. ಈ ಹಾಳೆಯನ್ನು ನೋಡಿದ ಮೇಲೆ ಮುಂದಿನ ತ್ರೈಮಾಸಿಕದ ಹಣವನ್ನು ಭಾವನವರು ಕೇಳದೆಯೇ ಬಿಡುಗಡೆ ಮಾಡಿದರು.

ಈ ವಿಧಾನ ಎಲ್ಲ ಕಡೆ ನಡೆಯುವುದಿಲ್ಲ. ಮಾಟುಂಗಾದ ಅಂಗಡಿಯವರು ವಿಡಿಯೊ ಬಂದ ಮೇಲೆ ಹೆಚ್ಚು ಮಾಲು ತರಿಸಿಕೊಂಡರೂ ಅಲ್ಲಿ ಕೊಂಡವರ ಪಿನ್ ಕೋಡ್ ನಮಗೆ ಸಿಗುವುದಿಲ್ಲ, ಅಂಗಡಿಯ ಲೆಕ್ಕವನ್ನು ಬೇರೆಯಾಗಿಯೇ ಇಡುತ್ತೇವೆ. ವಾರಕ್ಕೆ ಇಪ್ಪತ್ತಕ್ಕಿಂತ ಕಡಿಮೆ ಆರ್ಡರ್ ಇರುವ ಕಡೆ ಒಂದು ಮದುವೆ ಮನೆಯ ಆರ್ಡರ್ ಬಂದರೂ ಹೋಲಿಕೆ ಕೆಡುತ್ತದೆ. ಗೋವಾದ ಮಡಗಾಂವ್ ಮತ್ತು ವಾಸ್ಕೊದಲ್ಲಿ ನಮ್ಮ ಸ್ಥಿತಿ ಈಗ ಹಾಗೆಯೇ ಇದೆ. ಅಲ್ಲಿ ಸದ್ಯಕ್ಕೆ ಸೋರಿಕೆ ತೆಗೆದ ಕೋಡ್ ಎಣಿಕೆಯನ್ನಷ್ಟೇ ನಂಬಿ, ಒಬ್ಬರಿಗೆ ಒಂದೇ ವಿಡಿಯೊ ಎಂಬಂತೆ ಕೊಡುತ್ತಿದ್ದೇವೆ.