ಐದು ಫೋಟೊಗಳಿಂದ ಒಂದೇ ತಲೆಯ ಮೂರು ಆಯಾಮದ ಮಾದರಿ: ನನ್ನ ಅನುಭವ

ಎದುರಿನಿಂದ ಸರಿಯಾಗಿ ಕಾಣುತ್ತಿದ್ದ ಮುಖ, ಮಾದರಿಯನ್ನು 40 ಡಿಗ್ರಿ ತಿರುಗಿಸಿದೊಡನೆ ಬೇರೊಬ್ಬರದಾಗುತ್ತಿತ್ತು. ಮೂಗು ಚಪ್ಪಟೆಯಾಗಿ ಕಿವಿಗಳು ಮುಂದೆ ಸರಿಯುತ್ತಿದ್ದವು. ಫೋಟೊಗಳನ್ನು ಹೆಚ್ಚಿಸಿದರೂ, ಪ್ರತಿ ಫೋಟೊಗೆ ಬೇರೆ ಬೇರೆ ಆಕಾರ ಹೊಂದಿಸಿ ಸರಾಸರಿ ತೆಗೆದರೂ ಫಲವಿರಲಿಲ್ಲ.

ದೋಷವಿದ್ದುದು ಚಿತ್ರ ಎಷ್ಟು ಅಗಲದ ನೋಟ ಹಿಡಿಯುತ್ತದೆಂದು ನಿರ್ಧರಿಸುವ ಲೆನ್ಸಿನ ಅಳತೆಯಾದ ಫೋಕಲ್ ಲೆಂತ್‌ನಲ್ಲಿ. ಅದನ್ನು ತಂತ್ರಾಂಶವೇ ಊಹಿಸುವಂತೆ ಬಿಟ್ಟಿದ್ದರಿಂದ, ಹತ್ತಿರದಿಂದ ತೆಗೆದ ಫೋಟೊದಲ್ಲಿ ಕ್ಯಾಮೆರಾಗೆ ಸಮೀಪದ ಭಾಗಗಳು ಹಿಗ್ಗಿ ಕಾಣುವುದನ್ನು ಅದು ಮುಖದ ಆಕಾರವೆಂದೇ ಎಣಿಸುತ್ತಿತ್ತು. ಫೋಟೊದ ಮಾಹಿತಿಯಲ್ಲಿ 35 ಮಿ.ಮೀ. ಫಿಲ್ಮ್‌ಗೆ ಸಮಾನವಾದ ಫೋಕಲ್ ಲೆಂತ್ 26 ಮಿ.ಮೀ. ಎಂದಿತ್ತು. ಆ ಫಿಲ್ಮ್ ಚೌಕಟ್ಟಿನ ಕರ್ಣ 43.27 ಮಿ.ಮೀ., ನನ್ನ 4000×3000 ಚಿತ್ರದ ಕರ್ಣ 5000 ಪಿಕ್ಸೆಲ್ ಆದ್ದರಿಂದ, 26 ÷ 43.27 × 5000, ಅಂದರೆ ಸುಮಾರು 3004 ಪಿಕ್ಸೆಲ್ ಎಂದು ಸ್ಥಿರಗೊಳಿಸಿದೆ. ಕತ್ತರಿಸಿದ ಚಿತ್ರಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ಬಳಿಕ ಮೊದಲು ತಲೆಯ ದಿಕ್ಕನ್ನು ಮಾತ್ರ, ಆಮೇಲೆ ಐದೂ ಫೋಟೊಗಳಿಗೆ ಸಾಮಾನ್ಯವಾದ ಒಂದೇ ಆಕಾರವನ್ನು, ಕೊನೆಗೆ ಪ್ರತ್ಯೇಕ ಮುಖಭಾವವನ್ನು ಹೊಂದಿಸಿದೆ. ಪರೀಕ್ಷೆಗೆಂದು ಒಂದು ಫೋಟೊವನ್ನು ಹೊರಗಿಟ್ಟು ಇದನ್ನೇ ಮತ್ತೆ ಮಾಡಿ, ಅದೇ ಕೋನದಲ್ಲಿ ಮಾದರಿಯನ್ನು ಅದರ ಮೇಲೆ ಇರಿಸಿದಾಗ ಮೂಗಿನ ಅಂಚು ಕೂಡಿಬಂತು.